ಒಣದ್ರಾಕ್ಷಿ, ಜಾಮ್, ಪನೀರು: ನೀರಿನ ಸಕ್ರಿಯತೆಯ ಪ್ರಶ್ನೆಗೆ ನನ್ನ ಉತ್ತರದಲ್ಲಿ ತಪ್ಪಿದ್ದೇನು?

ಹಾಸನದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಆಹಾರ ವಿಜ್ಞಾನದ ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ವಾರ ನಡೆದ ಆಂತರಿಕ ಪರೀಕ್ಷೆಯಲ್ಲಿ ಹತ್ತು ಅಂಕದ ಒಂದು ಪ್ರಶ್ನೆ ಇತ್ತು: "ಒಣಹಣ್ಣು, ಜಾಮ್ ಮತ್ತು ತಾಜಾ ಚೀಸ್ ಬೇರೆ ಬೇರೆ ರೀತಿಯಲ್ಲಿ ಕೆಡುವುದೇಕೆ ಎಂಬುದನ್ನು ವಾಟರ್ ಆಕ್ಟಿವಿಟಿಯ ಆಧಾರದ ಮೇಲೆ ವಿವರಿಸಿ." ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಲ್ಲಿಯೂ ಇದು ಮತ್ತೆ ಮತ್ತೆ ಬಂದಿರುವುದರಿಂದ ಚೆನ್ನಾಗಿಯೇ ಓದಿಕೊಂಡು ಹೋಗಿದ್ದೆ.

ನಾನು ಬರೆದ ಉತ್ತರದ ಸಾರ ಹೀಗಿತ್ತು. ತಾಜಾ ಚೀಸ್‌ಗೆ ಉದಾಹರಣೆಯಾಗಿ ಪನೀರನ್ನು ತೆಗೆದುಕೊಂಡೆ. ನೂರು ಗ್ರಾಂ ಪನೀರಿನಲ್ಲಿ ಸುಮಾರು 55 ಗ್ರಾಂ, ಜಾಮಿನಲ್ಲಿ ಸುಮಾರು 35 ಗ್ರಾಂ, ಒಣದ್ರಾಕ್ಷಿಯಲ್ಲಿ ಸುಮಾರು 17 ಗ್ರಾಂ ನೀರಿರುತ್ತದೆ. ಆದ್ದರಿಂದ ಪನೀರು ಮೊದಲು, ಜಾಮ್ ಅನಂತರ, ಒಣದ್ರಾಕ್ಷಿ ಕೊನೆಗೆ ಕೆಡುತ್ತದೆ ಎಂದು ಬರೆದೆ. ನೀರಿನ ಸಕ್ರಿಯತೆ ಎಂದರೆ ಆಹಾರದ ಮೇಲಿನ ನೀರಾವಿಯ ಒತ್ತಡಕ್ಕೂ ಅದೇ ಉಷ್ಣತೆಯಲ್ಲಿ ಶುದ್ಧ ನೀರಿನ ಆವಿಯ ಒತ್ತಡಕ್ಕೂ ಇರುವ ಅನುಪಾತ ಎಂಬುದನ್ನೂ ಸೇರಿಸಿದ್ದೆ. ನಾಲ್ಕು ಅಂಕ ಬಂದಿದೆ. ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ "ಯಾವುದು ಬೇಗ ಎಂದು ಕೇಳಿಲ್ಲ, ಹೇಗೆ ಎಂದು ಕೇಳಿದೆ" ಎಂದು ಬರೆದಿದ್ದಾರೆ. ಇದರ ಅರ್ಥ ಏನೆಂದು ದಯವಿಟ್ಟು ಯಾರಾದರೂ ತಿಳಿಸಿಕೊಡುವಿರಾ?

ಪಿಯು ಮೇಷ್ಟ್ರು

ನಿಮ್ಮ ವ್ಯಾಖ್ಯೆ ಸರಿಯಾಗಿದೆ, ಆದರೆ ಅದನ್ನು ಬಳಸಿಕೊಳ್ಳದೆ ಮತ್ತೆ ಶೇಕಡಾವಾರು ನೀರಿಗೇ ಹೋಗಿದ್ದೀರಿ. ಮುಖ್ಯವಾದುದು ಎಷ್ಟು ನೀರಿದೆ ಎಂಬುದಲ್ಲ, ಆ ನೀರು ಎಷ್ಟು ಸ್ವತಂತ್ರವಾಗಿದೆ ಎಂಬುದು. ಜಾಮಿನಲ್ಲಿ ಸಕ್ಕರೆ ನೀರನ್ನು ಕಟ್ಟಿಹಾಕಿರುತ್ತದೆ. ಕಟ್ಟಿಹಾಕಿದ ನೀರು ಸೂಕ್ಷ್ಮಜೀವಿಗೆ ದಕ್ಕುವುದಿಲ್ಲ.

ಉತ್ತರದಲ್ಲಿ ಈ ಮಿತಿಗಳನ್ನು ಬರೆಯಬೇಕಿತ್ತು: ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ ಕನಿಷ್ಠ 0.91, ಸಾಮಾನ್ಯ ಯೀಸ್ಟ್‌ಗಳಿಗೆ 0.88, ಸಾಮಾನ್ಯ ಬೂಷ್ಟುಗಳಿಗೆ 0.80, ಸಕ್ಕರೆ ಸಹಿಸುವ ವಿಶೇಷ ಯೀಸ್ಟ್ ಮತ್ತು ಬೂಷ್ಟುಗಳಿಗೆ 0.61ರ ಸುಮಾರು, 0.60ರ ಕೆಳಗೆ ಯಾವ ಜೀವಿಯೂ ಬೆಳೆಯದು. ಪನೀರು 0.98, ಆದ್ದರಿಂದ ಬ್ಯಾಕ್ಟೀರಿಯಾ. ಜಾಮ್ 0.83ರ ಆಸುಪಾಸು, ಆದ್ದರಿಂದ ಬೂಷ್ಟು. ಒಣದ್ರಾಕ್ಷಿ 0.60ಕ್ಕಿಂತ ಕಡಿಮೆ, ಆದ್ದರಿಂದ ಯಾವುದೂ ಇಲ್ಲ. ಇಷ್ಟು ಬರೆದಿದ್ದರೆ ಪೂರ್ಣ ಅಂಕ ಬರುತ್ತಿತ್ತು ಎಂದು ನನ್ನ ಭಾವನೆ.

ಪ್ರಯೋಗಾಲಯದ ಕಿಟಕಿ

ಹಣ್ಣಿನ ಉತ್ಪನ್ನಗಳ ಗುಣಮಟ್ಟ ಪರೀಕ್ಷೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಮೇಷ್ಟ್ರು ಕೊಟ್ಟ ಅಂಕಿಗಳು ಸರಿ, ಪರೀಕ್ಷೆಗೆ ಅವು ಬೇಕೇ ಬೇಕು. ಆದರೆ ಆ ಏಣಿಯೊಂದನ್ನೇ ಹತ್ತಿದರೆ ಜಾಮಿನ ವಿಷಯದಲ್ಲಿ ಜಾರಿ ಬೀಳುತ್ತೇವೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು 0.83 ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ನಮ್ಮಲ್ಲಿ ಜಾಮ್ ಎಂದು ಮಾರಬೇಕಾದರೆ ಕರಗಿದ ಘನಾಂಶ ಕನಿಷ್ಠ ಶೇ. 65 ಇರಬೇಕೆಂಬ ನಿಯಮವಿದೆ. ನೂರು ಗ್ರಾಂ ಜಾಮಿನಲ್ಲಿ 65 ಗ್ರಾಂ ಸಕ್ಕರೆ, 35 ಗ್ರಾಂ ನೀರು ಎಂದಿಟ್ಟುಕೊಳ್ಳಿ. 35 ಗ್ರಾಂ ನೀರು 1.94 ಮೋಲ್ ಆಗುತ್ತದೆ. ಸಕ್ಕರೆಯೆಲ್ಲ ಸುಕ್ರೋಸ್ ಆಗಿಯೇ ಉಳಿದಿದ್ದರೆ ಅದು 0.19 ಮೋಲ್. ಆದರೆ ಹುಳಿ ಹಣ್ಣಿನೊಡನೆ ಕುದಿಯುವಾಗ ಸುಕ್ರೋಸಿನ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅರ್ಧದಷ್ಟು ಒಡೆದಿದೆ ಎಂದುಕೊಂಡರೆ, ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಅಣುಗಳ ಸಂಖ್ಯೆ ಸುಮಾರು 0.275 ಮೋಲ್‌ಗೆ ಏರುತ್ತದೆ. ನೀರಿನ ಸಕ್ರಿಯತೆಯನ್ನು aw, ಮೋಲ್‌ಗಳ ಸಂಖ್ಯೆಯನ್ನು n ಎಂದು ಬರೆದರೆ:

```
aw = n(ನೀರು) / (n(ನೀರು) + n(ಸಕ್ಕರೆ))

ಒಡೆಯದ ಸುಕ್ರೋಸ್ : 1.94 / (1.94 + 0.19)  = 0.91
ಅರ್ಧ ಒಡೆದಾಗ    : 1.94 / (1.94 + 0.275) = 0.88
```

ಇದು ಆದರ್ಶ ದ್ರಾವಣದ ಲೆಕ್ಕ. ಇಷ್ಟು ಗಟ್ಟಿಯಾದ ಪಾಕ ಆದರ್ಶ ದ್ರಾವಣದಂತೆ ನಡೆದುಕೊಳ್ಳುವುದಿಲ್ಲ, ಏಕೆಂದರೆ ಪ್ರತಿ ಸಕ್ಕರೆಯ ಅಣುವೂ ತನ್ನ ಸುತ್ತಲಿನ ನೀರನ್ನು ಹಿಡಿದೆಳೆಯುತ್ತದೆ. ಅದಕ್ಕೆ ತಕ್ಕ ತಿದ್ದುಪಡಿ ಮಾಡಿದರೆ ಮೊದಲನೆಯದು 0.87ರ ಹತ್ತಿರಕ್ಕೂ ಎರಡನೆಯದು 0.83ರ ಹತ್ತಿರಕ್ಕೂ ಇಳಿಯುತ್ತದೆ. ಒಂದೇ ತೂಕದ ಸಕ್ಕರೆ ಹಾಕಿದ ಎರಡು ಜಾಮ್‌ಗಳ ನಡುವೆ, ಬರೀ ಕುದಿತ ಮತ್ತು ಹುಳಿಯ ಕಾರಣದಿಂದ, ಇಷ್ಟು ಅಂತರ ಬರಬಹುದು.

ಈಗ ನನ್ನ ಪ್ರಶ್ನೆ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ 0.91ರ ಸಾಮಾನ್ಯ ಮಿತಿಯನ್ನು ಪಾಲಿಸುವುದಿಲ್ಲ; ಆಸ್ಟ್ರೇಲಿಯಾದ ಡಬ್ಲ್ಯು. ಜೆ. ಸ್ಕಾಟ್ ಅವರು 1953ರಲ್ಲಿಯೇ ಅದು 0.86ರವರೆಗೂ ಬೆಳೆಯಬಲ್ಲದೆಂದು ತೋರಿಸಿದ್ದರು. ಹಾಗಿದ್ದರೆ 0.87ರ ಜಾಮಿನಲ್ಲಿ ಅದು ಬೆಳೆಯಬೇಕಿತ್ತಲ್ಲವೇ? ಸಕ್ಕರೆ ಕಡಿಮೆ ಮಾಡಿದ, 0.90ರ ಮೇಲಿರುವ ಜಾಮಿನಲ್ಲಂತೂ ಬೆಳೆಯಲೇಬೇಕು. ಆದರೆ ಅಂಥ ಜಾಮ್ ಕೂಡ ಬ್ಯಾಕ್ಟೀರಿಯಾದಿಂದ ಕೆಡುವುದನ್ನು ನಾನು ಕಂಡಿಲ್ಲ. ಬೂಷ್ಟು ಹಿಡಿಯುತ್ತದೆ, ಇಲ್ಲವೇ ಯೀಸ್ಟಿನಿಂದ ಹುದುಗುತ್ತದೆ. ಕಾರಣ ಹುಳಿ. ಪೆಕ್ಟಿನ್ ಗಟ್ಟಿಯಾಗಿ ಕೂರಲು ಜಾಮಿನ ಪಿಎಚ್ 3.0ರಿಂದ 3.3ರ ಒಳಗಿರಬೇಕಾಗುತ್ತದೆ, ಅಷ್ಟು ಹುಳಿಯಲ್ಲಿ ಆಹಾರವನ್ನು ವಿಷವಾಗಿಸುವ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಬೂಷ್ಟು ಮತ್ತು ಯೀಸ್ಟ್‌ಗಳಿಗೆ ಆ ಹುಳಿ ತೊಡಕೇ ಅಲ್ಲ.

ಇದನ್ನು ಪರೀಕ್ಷಿಸಿ ನೋಡಲು ಒಳ್ಳೆಯ ಜೋಡಿಯೊಂದಿದೆ. ಸಕ್ಕರೆ ಬೆರೆಸಿದ ಕಂಡೆನ್ಸ್ಡ್ ಮಿಲ್ಕಿನ ಸಕ್ರಿಯತೆಯೂ 0.83ರಿಂದ 0.85ರ ಒಳಗೆ, ಅಂದರೆ ಜಾಮಿನಷ್ಟೇ. ಅದರಲ್ಲಿ ಹುಳಿಯಿಲ್ಲ. ಅದು ಕೆಟ್ಟಾಗ ಯೀಸ್ಟ್ ಮತ್ತು ಬೂಷ್ಟಿನ ಜೊತೆಗೆ, ಒಣಸಹಿಷ್ಣುವಾದ ಕೆಲವು ದುಂಡು ಬ್ಯಾಕ್ಟೀರಿಯಾಗಳು ಅದನ್ನು ಮಂದಗೊಳಿಸುವುದೂ ಉಂಟು. ಸಕ್ರಿಯತೆ ಒಂದೇ ಆದರೂ ಕೆಡುವ ಬಗೆ ಒಂದೇ ಅಲ್ಲ. ನಿಮ್ಮ ಮೇಡಂ "ಹೇಗೆ" ಎಂದು ಬರೆದದ್ದು ಇದಕ್ಕೇ ಇರಬೇಕು.

ತಿಕೋಟಾ ದ್ರಾಕ್ಷಿ

ನಾನು ಓದಿದ ಮನುಷ್ಯನಲ್ಲ, ವಿಜಯಪುರ ಜಿಲ್ಲೆಯಲ್ಲಿ ಹದಿನೈದು ವರ್ಷದಿಂದ ಮಣೂಕ ಮಾಡುತ್ತಿದ್ದೇನೆ. ಒಣದ್ರಾಕ್ಷಿಯಲ್ಲಿ "ಯಾವುದೂ ಇಲ್ಲ" ಎಂದು ಮೇಷ್ಟ್ರು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ.

ನಾವು ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಗಳ ಮೇಲೆ ಹರಡುತ್ತೇವೆ. ಆ ದ್ರಾವಣ ಹಣ್ಣಿನ ಮೇಲಿನ ಮೇಣವನ್ನು ಸಡಿಲಿಸುವುದರಿಂದ ನೀರು ಬೇಗ ಹೊರಬರುತ್ತದೆ; ಗಾಳಿ ಒಣಗಿದ್ದರೆ ಎರಡು ವಾರದ ಒಳಗೆ ಮಾಲು ಸಿದ್ಧವಾಗುತ್ತದೆ. ಎರಡು ವರ್ಷದ ಹಿಂದೆ ಮಾರ್ಚಿಯಲ್ಲಿ ಅಕಾಲದ ಮಳೆ ಬಂದು ಶೆಡ್ಡಿನ ಒಂದು ಬದಿಯ ಮಾಲು ಹಸಿ ಹಿಡಿಯಿತು. ಒಣಗಿದ ಮೇಲೆ ಎಲ್ಲ ಒಂದೇ ರೀತಿ ಕಂಡಿತೆಂದು ಒಟ್ಟಿಗೆ ಬಾಕ್ಸಿಗೆ ತುಂಬಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟೆ. ಐದು ತಿಂಗಳ ನಂತರ ತೆರೆದಾಗ ಕೆಲವು ಬಾಕ್ಸುಗಳಲ್ಲಿ ಹಸಿರು ಬಣ್ಣ ಹೋಗಿ ಕಂದು ತಿರುಗಿತ್ತು, ಕೆಲವದರಲ್ಲಿ ಬಿಳಿ ಪುಡಿ ಕೂತಿತ್ತು. ವ್ಯಾಪಾರಿ ಬೂಷ್ಟು ಎಂದು ಹೇಳಿ ದರ ಇಳಿಸಿದ. ಅದು ಬೂಷ್ಟೇ ಆಗಿತ್ತೆ? ಇಂದಿಗೂ ನನಗೆ ಗೊತ್ತಿಲ್ಲ.

ಪ್ರಯೋಗಾಲಯದ ಕಿಟಕಿ

ನೀವು ಹೇಳಿದ ವಿವರ ಯಾವ ಪಠ್ಯಕ್ಕಿಂತಲೂ ಬೆಲೆಯುಳ್ಳದ್ದು. ಎರಡನ್ನೂ ಬೇರೆ ಬೇರೆ ನೋಡೋಣ.

ಚೆನ್ನಾಗಿ ಒಣಗಿದ ಮಣೂಕದ ಸಕ್ರಿಯತೆ ಸಾಮಾನ್ಯವಾಗಿ 0.55ರಿಂದ 0.60ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಜೀವಿಗಳು ನಿಂತರೂ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ಗ್ಲೂಕೋಸ್, ಫ್ರಕ್ಟೋಸ್‌ಗಳು ಅಮೈನೋ ಆಮ್ಲಗಳೊಡನೆ ಸೇರಿ ಕಂದಾಗುವ ಕ್ರಿಯೆ 0.6ರಿಂದ 0.7ರ ಸುಮಾರಿನಲ್ಲಿಯೇ ಅತ್ಯಂತ ವೇಗವಾಗಿ ನಡೆಯುತ್ತದೆ. ಇನ್ನೂ ಒಣಗಿದರೆ ಅಣುಗಳು ಓಡಾಡಲಾರವು, ಇನ್ನೂ ನೀರಿದ್ದರೆ ಅವು ತೆಳುವಾಗಿ ಹರಡಿಹೋಗುತ್ತವೆ. ಸೂಕ್ಷ್ಮಜೀವಿಗಳಿಂದ ಸುರಕ್ಷಿತವಾದ ಜಾಗವೇ ಬಣ್ಣಕ್ಕೆ ಅತ್ಯಂತ ಅಪಾಯದ ಜಾಗ. ತಂಪಿನಲ್ಲಿ ಇಟ್ಟರೆ ಈ ಕ್ರಿಯೆ ನಿಧಾನವಾಗುವುದರಿಂದಲೇ ನೀವು ಕೋಲ್ಡ್ ಸ್ಟೋರೇಜಿಗೆ ಹಣ ಕೊಡುತ್ತೀರಿ.

ಬಿಳಿ ಪುಡಿಗೆ ಎರಡು ಕಾರಣ ಇರಬಹುದು. ಹಣ್ಣಿನೊಳಗಿನ ಗ್ಲೂಕೋಸ್ ಹರಳುಗಟ್ಟಿ ಹೊರಬಂದರೆ ಅದು ಹಲ್ಲಿಗೆ ಸಣ್ಣ ಮರಳಿನಂತೆ ಸಿಗುತ್ತದೆ, ಬೆಚ್ಚಗಿನ ನೀರಿನ ಒಂದು ಹನಿಗೆ ಕರಗಿಹೋಗುತ್ತದೆ. ಬೂಷ್ಟಾದರೆ ಕರಗುವುದಿಲ್ಲ, ಭೂತಗನ್ನಡಿಯಲ್ಲಿ ಎಳೆಗಳು ಕಾಣುತ್ತವೆ, ಹಳೆಯ ಗೋಣಿಯ ವಾಸನೆ ಬರುತ್ತದೆ. ಮುಂದಿನ ಬಾರಿ ವ್ಯಾಪಾರಿಯ ಎದುರಿಗೇ ಒಂದು ಹನಿ ನೀರು ಹಾಕಿ ತೋರಿಸಿ.

ಮಳೆ ಬಿದ್ದ ಬದಿಯ ಮಾಲನ್ನು ಬೆರೆಸಿದ್ದರ ಬಗ್ಗೆ ಒಂದು ಮಾತು. ಬಾಕ್ಸಿನ ಸರಾಸರಿ ತೇವಾಂಶ ಶೇ. 16 ಎಂದು ಬಂದರೂ ಅದರೊಳಗೆ ಶೇ. 22 ನೀರಿರುವ ಹಣ್ಣುಗಳು ಅಲ್ಲಲ್ಲಿ ಇರಬಹುದು. ಕಾಲಕ್ರಮದಲ್ಲಿ ಅವು ಪಕ್ಕದ ಒಣ ಹಣ್ಣಿಗೆ ನೀರು ಬಿಟ್ಟುಕೊಟ್ಟು ಸಮನಾಗುತ್ತವೆ, ಆದರೆ ತಂಪಿನಲ್ಲಿ ಅದಕ್ಕೆ ವಾರಗಟ್ಟಲೆ ಬೇಕಾಗುತ್ತದೆ. ಅಷ್ಟರೊಳಗೆ ಬೂಷ್ಟಿಗೆ ಆ ಹಸಿ ಹಣ್ಣೇ ಸಾಕು.

ಪಿಯು ಮೇಷ್ಟ್ರು

ಒಪ್ಪುತ್ತೇನೆ, "ಯಾವುದೂ ಇಲ್ಲ" ಎಂಬುದು ಅವಸರದ ಮಾತಾಯಿತು. ಆದರೂ ಸಕ್ಕರೆ ನೀರನ್ನು ಕಟ್ಟಿಹಾಕುತ್ತದೆ ಎಂಬ ನನ್ನ ವಿವರಣೆಯನ್ನು ಯಾರೂ ತಪ್ಪೆಂದಿಲ್ಲ ಎಂಬುದನ್ನು ಗಮನಿಸಬೇಕು.

ಭೌತರಸಾಯನ

ಆ ವಿವರಣೆಯಲ್ಲಿಯೇ ನನಗೆ ತೊಂದರೆ ಇದೆ, ಮೇಷ್ಟ್ರೆ. "ಕಟ್ಟಿದ ನೀರು", "ಬಿಡಿ ನೀರು" ಎಂದು ಎರಡು ಪಾಲು ಮಾಡಿದರೆ ಜಾಮಿನ 35 ಗ್ರಾಂ ನೀರಿನಲ್ಲಿ ಇಷ್ಟು ಗ್ರಾಂ ಕಟ್ಟಿದ್ದು, ಇಷ್ಟು ಗ್ರಾಂ ಬಿಡಿಯದು ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ವಾಸ್ತವದಲ್ಲಿ ಜಾಮಿನ ಪ್ರತಿಯೊಂದು ನೀರಿನ ಅಣುವೂ ಕ್ಷಣದಲ್ಲಿ ಕೋಟ್ಯಂತರ ಬಾರಿ ಜಾಗ ಬದಲಿಸುತ್ತದೆ. ಪ್ರಯೋಗಾಲಯದ ಕಿಟಕಿಯವರ ಮೊದಲ ಲೆಕ್ಕದಲ್ಲಿ ಕಟ್ಟುವ ಮಾತೇ ಇಲ್ಲ. ನೀರಿನ ಅಣುಗಳ ನಡುವೆ ಬೇರೆ ಅಣುಗಳು ಬಂದು ಸೇರಿದವು, ಅಷ್ಟರಿಂದಲೇ 0.91 ಬಂತು. ಜೀವಕೋಶಕ್ಕೆ ಸಿಗದಿರುವುದು ನೀರಲ್ಲ, ನೀರನ್ನು ಒಳಗೆ ಎಳೆದುಕೊಳ್ಳುವ ಇಳಿಜಾರು. ಹೊರಗಿನ ಸಕ್ರಿಯತೆ ಕಡಿಮೆಯಾದಾಗ ನೀರು ಕೋಶದಿಂದ ಹೊರಕ್ಕೆ ಹರಿಯುತ್ತದೆ. ಕೆಲವು ಯೀಸ್ಟ್‌ಗಳು ಒಳಗೆ ಗ್ಲಿಸರಾಲ್ ತುಂಬಿಕೊಂಡು ಅದನ್ನು ತಡೆಯುವುದರಿಂದಲೇ 0.62ರಲ್ಲಿಯೂ ಬದುಕುತ್ತವೆ.

ಇನ್ನೊಂದು ಮಾತೂ ಉಂಟು. ಲೂಯಿಸ್ ಸ್ಲೇಡ್ ಮತ್ತು ಹ್ಯಾರಿ ಲೆವಿನ್ ಅವರು 1991ರಲ್ಲಿ, ಸಮತೋಲನಕ್ಕೆ ಬಾರದ ಆಹಾರಗಳಲ್ಲಿ ಸಕ್ರಿಯತೆಯ ಅಂಕಿಯನ್ನೇ ನೆಚ್ಚಿಕೊಳ್ಳಬಾರದು, ಅಣುಗಳ ಚಲನೆಯನ್ನು ನೋಡಬೇಕು ಎಂದು ಬಲವಾಗಿ ವಾದಿಸಿದ್ದರು. ಒಣದ್ರಾಕ್ಷಿಯ ವಿಷಯದಲ್ಲಿ ಅವರ ವಾದಕ್ಕೆ ತೂಕವಿದೆ ಎನಿಸುತ್ತದೆ. ಮೇಲಿನ ಸರಳ ಸೂತ್ರಕ್ಕೆ 17 ಗ್ರಾಂ ನೀರು, 70 ಗ್ರಾಂ ಸಕ್ಕರೆ ಹಾಕಿದರೆ 0.71 ಬರುತ್ತದೆ; ಮಾಪಕ 0.60ಕ್ಕಿಂತ ಕೆಳಗೆ ತೋರಿಸುತ್ತದೆ.

ಪಿಯು ಮೇಷ್ಟ್ರು

0.71 ಮತ್ತು 0.60ರ ನಡುವಿನ ಆ ಅಂತರವೇ ಕಟ್ಟುವಿಕೆ ಎಂದು ನಾನು ಹೇಳುತ್ತೇನೆ. ಹದಿನೆಂಟು ವರ್ಷದ ಮಕ್ಕಳಿಗೆ ಮೊದಲ ದಿನವೇ ಇಳಿಜಾರಿನ ಮಾತು ಹೇಳಿದರೆ ತಲೆಗೆ ಹತ್ತುವುದಿಲ್ಲ. ಇದರಲ್ಲಿ ನಮ್ಮಿಬ್ಬರಿಗೂ ಒಮ್ಮತವಾಗದು, ಇರಲಿ.

ಬನವಾಸಿ ಅನಾನಸ್

ನಮ್ಮ ಸ್ವಸಹಾಯ ಸಂಘದಿಂದ ಅನಾನಸ್ ಜಾಮ್ ಮಾಡುತ್ತೇವೆ. ಮೂರು ವಾರದಿಂದ ನಿದ್ದೆಗೆಡಿಸಿದ ಸಮಸ್ಯೆಯೊಂದಿದೆ, ಈ ಚರ್ಚೆಗೆ ಸೇರುತ್ತದೆ ಎಂದು ಬರೆಯುತ್ತಿದ್ದೇನೆ. ಇನ್ನೂರು ಬಾಟಲಿಗಳಲ್ಲಿ ನಲವತ್ತರಷ್ಟಕ್ಕೆ ಮುಚ್ಚಳದ ಕೆಳಗೆ, ಜಾಮಿನ ಮೇಲ್ಮೈಯಲ್ಲಿ ಮಾತ್ರ, ಗಾಜಿಗೆ ತಾಗಿದಂತೆ ಬಳೆಯಾಕಾರದಲ್ಲಿ ಬೂದು ಬೂಷ್ಟು ಬಂದಿದೆ. ಕೆಳಗಿನ ಜಾಮ್ ಬಣ್ಣ, ರುಚಿ ಎರಡರಲ್ಲೂ ಚೆನ್ನಾಗಿದೆ. ರಿಫ್ರ್ಯಾಕ್ಟೋಮೀಟರಿನಲ್ಲಿ 67 ಬ್ರಿಕ್ಸ್, ಅಂದರೆ ಕರಗಿದ ಘನಾಂಶ ಶೇ. 67, ಬಂದ ಮೇಲೆಯೇ ಒಲೆಯಿಂದ ಇಳಿಸಿದ್ದೇವೆ. ಸಕ್ಕರೆ ಸಾಲದೆಂದು ಹೇಳುವ ಹಾಗೆಯೇ ಇಲ್ಲ. ಹಾಗಾದರೆ ಬೂಷ್ಟು ಬಂದದ್ದು ಹೇಗೆ?

ಪ್ರಯೋಗಾಲಯದ ಕಿಟಕಿ

ಅಕ್ಕಾ, ನಾಲ್ಕು ವಿಷಯ ತಿಳಿಸಿ. ಬಾಟಲಿಗೆ ತುಂಬುವಾಗ ಜಾಮ್ ಎಷ್ಟು ಬಿಸಿ ಇತ್ತು? ಮುಚ್ಚಳ ಹಾಕಿದ್ದು ಯಾವಾಗ? ಮುಚ್ಚಿದ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿದಿರಾ? ಜಾಮಿಗೂ ಮುಚ್ಚಳಕ್ಕೂ ನಡುವೆ ಎಷ್ಟು ಜಾಗ ಬಿಟ್ಟಿದ್ದೀರಿ?

ಬನವಾಸಿ ಅನಾನಸ್

ಮೊದಲಿನ ಬಾಟಲಿಗಳು ಸುಡುವಷ್ಟು ಬಿಸಿಯಿದ್ದವು. ಒಂದೇ ಪಾತ್ರೆ, ಒಬ್ಬರೇ ತುಂಬುವವರು. ಕೊನೆಯ ಐವತ್ತು ಬಾಟಲಿಗಳಿಗೆ ಬರುವಷ್ಟರಲ್ಲಿ ಪಾತ್ರೆಯ ಹೊರಮೈಯನ್ನು ಕೈಯಲ್ಲಿ ಮುಟ್ಟುವಂತಾಗಿತ್ತು. ಎಲ್ಲ ತುಂಬಿದ ಮೇಲೆ ಒಟ್ಟಿಗೆ ಮುಚ್ಚಳ ಹಾಕಿದೆವು. ತಲೆಕೆಳಗು ಮಾಡಲಿಲ್ಲ. ಮೇಲೆ ಒಂದು ಬೆರಳಿನಷ್ಟು ಜಾಗ ಇತ್ತು. ಈಗ ನೆನಪಾಗುತ್ತಿದೆ, ಮರುದಿನ ಬೆಳಿಗ್ಗೆ ಮುಚ್ಚಳದ ಒಳಗೆ ಬೆವರಿನಂತೆ ಹನಿ ಕಂಡಿತ್ತು.

ಪ್ರಯೋಗಾಲಯದ ಕಿಟಕಿ

ಕಾರಣ ಬಹುಮಟ್ಟಿಗೆ ಆ ಬೆವರೇ. ಜಾಮಿನಿಂದ ಎದ್ದ ಆವಿ ತಣ್ಣಗಿನ ಮುಚ್ಚಳಕ್ಕೆ ತಾಗಿ ಶುದ್ಧ ನೀರಾಗುತ್ತದೆ. ಅದು ಹನಿಯಾಗಿ ಇಳಿದು ಗಾಜಿನ ಅಂಚಿಗೆ, ಜಾಮಿನ ಮೇಲ್ಮೈಗೆ ಸೇರುತ್ತದೆ. ಪೆಕ್ಟಿನ್ ಹೆಪ್ಪಿನಲ್ಲಿ ಸಕ್ಕರೆ ಬಹಳ ನಿಧಾನವಾಗಿ ಚಲಿಸುವುದರಿಂದ ಕೆಳಗಿನ ಸಕ್ಕರೆ ಮೇಲೆ ಬಂದು ಆ ನೀರನ್ನು ಗಟ್ಟಿಗೊಳಿಸುವುದಕ್ಕೆ ಸಮಯ ಹಿಡಿಯುತ್ತದೆ. ಅಷ್ಟು ದಿನ, ಕಾಗದದಷ್ಟು ತೆಳುವಾದ ಆ ಪದರದಲ್ಲಿ ಸಕ್ರಿಯತೆ 0.83 ಅಲ್ಲ, 0.90ಕ್ಕಿಂತ ಮೇಲೆ. ಬಾಟಲಿಯ ಜಾಮೆಲ್ಲ ನಿಯಮದಂತೆಯೇ ಇದ್ದರೂ ಬೂಷ್ಟಿನ ಬೀಜಾಣುವಿಗೆ ಬೇಕಾದದ್ದು ತಾನು ಬಿದ್ದ ಜಾಗದ ನೀರು ಮಾತ್ರ. ಎಲ್ಲ ತುಂಬುವವರೆಗೆ ಬಾಯಿ ತೆರೆದಿದ್ದ ಬಾಟಲಿಗಳಿಗೆ ಗಾಳಿಯಿಂದ ಬೀಜಾಣು ಬಿದ್ದಿರುತ್ತದೆ, ಆರಿದ ಜಾಮಿಗೆ ಅದನ್ನು ಕೊಲ್ಲುವ ಬಿಸಿ ಉಳಿದಿರಲಿಲ್ಲ.

ಖಚಿತಪಡಿಸಿಕೊಳ್ಳುವುದಕ್ಕೆ, ಬೂಷ್ಟು ಬಾರದ ಆದರೆ ಬೆವರು ಕಂಡ ಬಾಟಲಿಯೊಂದನ್ನು ತೆರೆದು, ಮೇಲ್ಮೈಯಿಂದ ಒಂದು ಹನಿ, ನಡುವಿನಿಂದ ಒಂದು ಹನಿ ತೆಗೆದು ಬೇರೆ ಬೇರೆಯಾಗಿ ಬ್ರಿಕ್ಸ್ ನೋಡಿ. ಮುಂದಿನ ಸಲ ಜಾಮ್ 85 ಡಿಗ್ರಿಗಿಂತ ಕೆಳಗಿಳಿಯದಂತೆ ಸಣ್ಣ ಸಣ್ಣ ಪಾತ್ರೆಗಳಲ್ಲಿ ಮಾಡಿ, ತುಂಬಿದ ಕೂಡಲೇ ಮುಚ್ಚಿ, ಎರಡು ಮೂರು ನಿಮಿಷ ತಲೆಕೆಳಗು ನಿಲ್ಲಿಸಿ. ಬಿಸಿ ಜಾಮ್ ಮುಚ್ಚಳದ ಒಳಮೈಯನ್ನೂ ತೊಳೆದು ಹೋಗಲಿ. ಬೂಷ್ಟು ಬಂದ ನಲವತ್ತನ್ನು ಕೆರೆದು ಮಾರಬೇಡಿ, ಕೆಲವು ಬೂಷ್ಟುಗಳ ವಿಷ ಎಳೆಗಳಿಗಿಂತ ಕೆಳಗಿನವರೆಗೂ ಇಳಿದಿರುತ್ತದೆ.

ಮಲ್ಲೇಶ್ವರದ ಅಡುಗೆಮನೆ

ಪನೀರು ಕೆಡದಂತೆ ಇಡುವುದು ಹೇಗೆ ಎಂಬುದು ತಾನೆ ಪ್ರಶ್ನೆ? ನಾನು ಉಪ್ಪು ಹಾಕಿದ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡುತ್ತೇನೆ. ಸಕ್ಕರೆ ನೀರಿನ ಸಕ್ರಿಯತೆಯನ್ನು ಇಳಿಸುತ್ತದೆ ಎಂದು ಇಲ್ಲಿ ಓದಿ, ಉಪ್ಪೂ ಹಾಗೆಯೇ ಇರಬೇಕೆಂದುಕೊಂಡ ಮೇಲೆ ನಮ್ಮ ಅತ್ತೆಯವರ ಪದ್ಧತಿಗೆ ವಿಜ್ಞಾನದ ಆಧಾರವಿದೆಯೆಂದು ತಿಳಿದು ಸಂತೋಷವಾಯಿತು. ಆದರೂ ಐದನೆಯ ದಿನಕ್ಕೆ ಜಿಗುಟಾಗುತ್ತದೆ. ಉಪ್ಪು ಎಷ್ಟು ಹಾಕಬೇಕು?

ಪ್ರಯೋಗಾಲಯದ ಕಿಟಕಿ

ಪ್ರಶ್ನೆ ಅದಲ್ಲ, ಆದರೆ ನಿಮ್ಮ ಪಾತ್ರೆಯೊಳಗೆ ಉತ್ತರದ ಮೂರನೆಯ ಭಾಗವಿದೆ. ಒಂದು ಲೀಟರ್ ನೀರಿಗೆ ಎರಡು ಚಮಚ ಉಪ್ಪು ಎಂದರೆ ಶೇ. 1ರ ಸುಮಾರು. ಅದರಿಂದ ಸಕ್ರಿಯತೆ 0.99ರ ಆಸುಪಾಸಿನಲ್ಲಿಯೇ ಉಳಿಯುತ್ತದೆ. 0.95ಕ್ಕೆ ಇಳಿಸಲು ಶೇ. 8ರಷ್ಟು, 0.90ಕ್ಕೆ ಇಳಿಸಲು ಶೇ. 14ರಷ್ಟು ಉಪ್ಪಿನ ದ್ರಾವಣ ಬೇಕು. ಅಂಥ ಪನೀರನ್ನು ಪಲ್ಯಕ್ಕೆ ಹಾಕುವಂತಿಲ್ಲ. ಉಪ್ಪಿನಲ್ಲಿ ಅಣುಗಳು ಚಿಕ್ಕವು ಮತ್ತು ನೀರಿನಲ್ಲಿ ಎರಡಾಗಿ ಒಡೆಯುತ್ತವೆ, ಆದ್ದರಿಂದ ಸಕ್ಕರೆಗಿಂತ ಎಷ್ಟೋ ಕಡಿಮೆ ತೂಕದಲ್ಲಿ ಕೆಲಸ ಮಾಡುತ್ತದೆ. ಆದರೂ ನಾಲಿಗೆ ಒಪ್ಪುವ ಮಟ್ಟದಲ್ಲಿ ಅದು ಸಾಲದು.

ಪನೀರಿನಲ್ಲಿ ಸಕ್ರಿಯತೆಯ ಗೋಡೆ ಇಲ್ಲವೇ ಇಲ್ಲ. ಹುಳಿಯ ಗೋಡೆಯೂ ತಗ್ಗು. ಹಾಲನ್ನು ನಿಂಬೆಯ ಆಮ್ಲದಿಂದ ಒಡೆದರೂ ಹಿಂಡಿದ ಪನೀರಿನ ಪಿಎಚ್ 5.5ರ ಹತ್ತಿರ ಇರುತ್ತದೆ. ಅಮೆರಿಕದ ಕಾಟೇಜ್ ಚೀಸ್ ಇದಕ್ಕಿಂತ ಹುಳಿ, ಸುಮಾರು 4.7. ಹಾಲನ್ನು 90 ಡಿಗ್ರಿಗೆ ಕಾಯಿಸಿದಾಗಲೇ ಹೆಚ್ಚಿನ ಬ್ಯಾಕ್ಟೀರಿಯಾಗಳು ಸತ್ತಿರುತ್ತವೆ. ಹಾಗಾದರೆ ಜಿಗುಟು ಮಾಡುವ ಸ್ಯೂಡೊಮೊನಾಸ್ ಬಂದದ್ದು ಎಲ್ಲಿಂದ? ಹಿಂಡುವ ಬಟ್ಟೆಯಿಂದ, ಕೈಯಿಂದ, ಕತ್ತರಿಸುವ ಚಾಕುವಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಹಿಂಡಿದ ಗಟ್ಟಿಯನ್ನು ಗಂಟೆಗಟ್ಟಲೆ ಮುಳುಗಿಸಿಡುವ ತಣ್ಣೀರಿನಿಂದ. ಅದು ನೀರಿನಲ್ಲಿ ವಾಸಿಸುವ, ಫ್ರಿಜ್ಜಿನ ಚಳಿಯಲ್ಲಿಯೂ ಬೆಳೆಯುವ ಬ್ಯಾಕ್ಟೀರಿಯಾ. ಆದ್ದರಿಂದ ಜಿಗುಟು ಮೊದಲು ಮೇಲ್ಮೈಯಲ್ಲಿ ಬರುತ್ತದೆ, ಅನಂತರ ಹಳದಿ ಛಾಯೆ, ಕಹಿ. ಕುದಿಸಿ ಆರಿಸಿದ ನೀರನ್ನು ಬಳಸಿ, ದಿನವೂ ಬದಲಿಸಿ, ಮುಟ್ಟುವ ಚಮಚ ಒಣಗಿರಲಿ. ಆದರೂ ವಾರಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಹಾಸನದ ವಿದ್ಯಾರ್ಥಿನಿ

ಈಗ ಮೇಡಂ ಬರೆದ ಸಾಲು ಅರ್ಥವಾಯಿತು. ನಾನು ಮೂರನ್ನೂ ಒಂದೇ ರೇಖೆಯ ಮೇಲೆ ನಿಲ್ಲಿಸಿದ್ದೆ. ಪನೀರು ಮೇಲ್ಮೈಯಲ್ಲಿ ಜಿಗುಟಾಗುವುದು, ಜಾಮ್ ಬೆವರು ಬಿದ್ದಲ್ಲಿ ಬೂಷ್ಟು ಹಿಡಿಯುವುದು, ಮಣೂಕ ಯಾವ ಜೀವಿಯೂ ಇಲ್ಲದೆ ಕಂದಾಗುವುದು, ಇವು ಹೆಚ್ಚು ಕಡಿಮೆಯ ಮಾತಲ್ಲ.

ಇದನ್ನು ಕಣ್ಣಾರೆ ಕಾಣುವ ಪ್ರಯೋಗ ಏನಾದರೂ ಇದೆಯೇ? ನಮ್ಮ ಪ್ರಯೋಗಾಲಯದ ಸಕ್ರಿಯತೆಯ ಮಾಪಕ ರಿಪೇರಿಗೆ ಹೋಗಿದೆ.

ಭೌತರಸಾಯನ

ಇದೆ. ಅಡುಗೆ ಉಪ್ಪಿಗೆ ಸ್ವಲ್ಪ ನೀರು ಬೆರೆಸಿ, ಕರಗದ ಉಪ್ಪು ಉಳಿದಿರುವಂಥ ಕೆಸರು ಮಾಡಿ. ಅದನ್ನು ಗಾಳಿಯಾಡದ ಡಬ್ಬಿಯ ತಳದಲ್ಲಿಟ್ಟರೆ ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75ರಲ್ಲಿ ನಿಲ್ಲುತ್ತದೆ, ಅಂದರೆ 0.75ರ ಸಕ್ರಿಯತೆಗೆ ಸಮ. ಅದರ ಮೇಲೆ ಜಾಲರಿಯಿಟ್ಟು, ಸಣ್ಣ ತಟ್ಟೆಗಳಲ್ಲಿ ಹತ್ತು ಹತ್ತು ಗ್ರಾಂ ಮಣೂಕ, ತೆಳುವಾಗಿ ಸವರಿದ ಜಾಮ್ ಮತ್ತು ಪನೀರಿನ ಬಿಲ್ಲೆ ಇಡಿ. ದಿನಕ್ಕೊಮ್ಮೆ ತೂಗಿ. ಯಾವುದರ ತೂಕ ಏರುತ್ತದೆ, ಯಾವುದರದು ಇಳಿಯುತ್ತದೆ ಎಂಬುದನ್ನು ಮೊದಲೇ ಊಹಿಸಿ ಬರೆದಿಟ್ಟುಕೊಳ್ಳಿ.

ಬನವಾಸಿ ಅನಾನಸ್

ಮೇಡಂ, ಹನಿಗಳನ್ನು ನೋಡಿದೆವು. ಬೆವರಿದ ಬಾಟಲಿಯ ಮೇಲ್ಮೈಯಲ್ಲಿ 58, ನಡುವೆ 67 ಬ್ರಿಕ್ಸ್. ಎಂಟು ಪಾಯಿಂಟಿಗಿಂತ ಹೆಚ್ಚು ವ್ಯತ್ಯಾಸ ಇರಬಹುದೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೆ ಬೆವರು ಕಾಣದ ಎರಡು ಬಾಟಲಿಗಳಲ್ಲಿ ಜಾಮಿನ ಒಳಗೇ ಸಣ್ಣ ಗುಳ್ಳೆಗಳಿವೆ. ತುಂಬುವಾಗ ಸಿಕ್ಕಿಕೊಂಡ ಗಾಳಿಯೋ, ಹುದುಗಿದ್ದೋ ತಿಳಿಯುತ್ತಿಲ್ಲ. ಹೆಂಡದ ವಾಸನೆ ಇಲ್ಲ.

ಪ್ರಯೋಗಾಲಯದ ಕಿಟಕಿ

ಆ ಎರಡರ ಮೇಲೆ ಗುಳ್ಳೆಯ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ, ಬೆಚ್ಚಗಿನ ಕೋಣೆಯಲ್ಲಿ ಎರಡು ವಾರ ಇಡಿ. ಗಾಳಿಯಾದರೆ ಇದ್ದಷ್ಟೇ ಇರುತ್ತದೆ, ಯೀಸ್ಟ್ ಆದರೆ ಗುಳ್ಳೆ ದೊಡ್ಡದಾಗಿ ಮುಚ್ಚಳ ಉಬ್ಬುತ್ತದೆ. ಅಲ್ಲಿಯವರೆಗೆ ಯಾವುದೆಂದು ನಾನು ಹೇಳಲಾರೆ. ಆ ದಿನದ ಉಳಿದ ಬಾಟಲಿಗಳನ್ನೂ ಅಷ್ಟು ದಿನ ಮಾರಾಟಕ್ಕೆ ಕಳುಹಿಸಬೇಡಿ.

ಹಾಸನದ ವಿದ್ಯಾರ್ಥಿನಿ

ಪ್ರಯೋಗ ಮಾಡಿದೆ, ನಾಲ್ಕು ದಿನದ ತೂಕ ಇಲ್ಲಿದೆ. ಮಣೂಕ 10.0ರಿಂದ 10.6 ಗ್ರಾಂಗೆ ಏರಿತು, ಒಂದಕ್ಕೊಂದು ಅಂಟಿಕೊಂಡಿತು. ಜಾಮ್ 10.0ರಿಂದ 9.4ಕ್ಕೆ ಇಳಿದು ಮೇಲೆ ಹೊಳಪಿನ ಪೊರೆ ಕಟ್ಟಿತು. ಒಂದೇ ಡಬ್ಬಿಯ ಒಂದೇ ಗಾಳಿಯಿಂದ ಒಂದು ನೀರು ಪಡೆಯಿತು, ಇನ್ನೊಂದು ಕೊಟ್ಟಿತು.

ಪನೀರಿನ ವಿಷಯದಲ್ಲಿ ನನ್ನ ಊಹೆ ಅರ್ಧ ಮಾತ್ರ ಸರಿಯಾಯಿತು. ತೂಕ 8.1ಕ್ಕೆ ಇಳಿದು ಹೊರಮೈ ಗಟ್ಟಿ ಹಳದಿಯಾಯಿತು, ಒಣಗುತ್ತಿದೆಯಾದ್ದರಿಂದ ಕೆಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಎರಡನೆಯ ದಿನ ಸಂಜೆಯೇ ಡಬ್ಬಿ ತೆರೆದಾಗ ಹುಳಿ ವಾಸನೆ ಬಂತು. ಬಿಲ್ಲೆಯನ್ನು ಮುರಿದು ನೋಡಿದರೆ ಒಳಗೆ ಇನ್ನೂ ಮೆತ್ತಗೆ ಒದ್ದೆಯಾಗಿತ್ತು. ಬ್ಯಾಕ್ಟೀರಿಯಾಗಳು ನೀರು ಹೊರಬರುವ ವೇಗಕ್ಕಿಂತ ಮುಂದಿದ್ದವು.

ಒಂದು ಅನುಮಾನ ಮಾತ್ರ ಉಳಿದಿದೆ. ಬೇರೆ ತಟ್ಟೆಯಲ್ಲಿಟ್ಟ ಅದೇ ಬಾಟಲಿಯ ಜಾಮ್ 9.8ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅದನ್ನು ದಪ್ಪವಾಗಿ ಸವರಿದ್ದೆ. ಪೊರೆ ಕಟ್ಟಿ ನೀರು ಸಿಕ್ಕಿಕೊಂಡಿತೇ, ಅಥವಾ ಇನ್ನೂ ದಿನ ಬೇಕೇ? ಸೋಮವಾರದವರೆಗೆ ಡಬ್ಬಿಯನ್ನು ಮುಚ್ಚಿಟ್ಟು ಮತ್ತೆ ತೂಗುತ್ತೇನೆ.